ದಪ್ಪ ಫ್ರೇಮಿನ ಕನ್ನಡಕಕ್ಕೆ ಒಪ್ಪುವ ಕಟಿಂಗ್

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತ ತಕ್ಷಣ ಕನ್ನಡಕ ತೆಗೆದಿಡುತ್ತೇವೆ. ತೊಡಕು ಶುರುವಾಗುವುದೇ ಅಲ್ಲಿಂದ. ಮೈನಸ್ 4 ಪವರ್ ಇರುವವರಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಸುಮಾರು 25 ಸೆಂಟಿಮೀಟರ್ ದೂರದವರೆಗೆ ಮಾತ್ರ. ಎದುರಿನ ಕನ್ನಡಿಯಲ್ಲಿ ಅವರ ಮುಖ ಅವರಿಗೇ ಮಸುಕು. ಕತ್ತರಿ ಹಿಡಿದವರಿಗೂ ಕಾಣುವುದು ಕನ್ನಡಕವಿಲ್ಲದ ಮುಖವೇ. ಕೆಲಸ ಮುಗಿದು ದಪ್ಪ ಕಪ್ಪು ಫ್ರೇಮು ಮತ್ತೆ ಮೂಗೇರಿದಾಗ ಕಿವಿಯ ಮೇಲಿನ ಕೂದಲು ರೆಕ್ಕೆಯಂತೆ ಎದ್ದಿರುತ್ತದೆ, ಮುಂಗೂದಲು ಗಾಜಿನ ಮೇಲೆ ಬಂದು ಬಿದ್ದಿರುತ್ತದೆ.

ದಪ್ಪ ಫ್ರೇಮು ಮುಖದ ಮೇಲೆ ಎರಡು ಗಾಢ ಗೆರೆಗಳನ್ನು ಎಳೆಯುತ್ತದೆ. ಒಂದು ಹುಬ್ಬಿನ ಬಳಿ ಅಡ್ಡಲಾಗಿ, ಇನ್ನೊಂದು ಅಲ್ಲಿಂದ ಕಿವಿಯವರೆಗೆ ಹೋಗುವ ಕಡ್ಡಿಯದು. ಕೂದಲು ಈ ಗೆರೆಗಿಂತ ಮೇಲೆಯೇ ನಿಲ್ಲಬೇಕು, ಇಲ್ಲವೇ ಅದನ್ನು ದಾಟಿ ಕೆಳಗಿಳಿಯಬೇಕು. ಸರಿಯಾಗಿ ಗೆರೆಯ ಮೇಲೆ ಬಂದು ಮುಗಿದರೆ ಕೂದಲೂ ಕೆಡುತ್ತದೆ, ಕನ್ನಡಕವೂ ಕೆಡುತ್ತದೆ.

ಮೊದಲು ಕಿವಿಯ ಮೇಲ್ಭಾಗ ನೋಡೋಣ. ಅಲ್ಲಿ ಕೂದಲು 6ರಿಂದ 10 ಮಿಲಿಮೀಟರ್ ಇದ್ದರೆ ಕಡ್ಡಿ ತಲೆಗೆ ಒತ್ತಿಕೊಂಡು ಕೂರುತ್ತದೆ. ಆರೇಳು ಸೆಂಟಿಮೀಟರ್ ದಾಟಿದರೆ ಕೂದಲು ತನ್ನ ಭಾರಕ್ಕೆ ತಾನೇ ಕಡ್ಡಿಯ ಮೇಲಿಂದ ಇಳಿದು ಅದನ್ನು ಮುಚ್ಚುತ್ತದೆ. ತೊಂದರೆ ಕೊಡುವುದು ನಡುವಿನ ಎರಡರಿಂದ ನಾಲ್ಕು ಸೆಂಟಿಮೀಟರ್. ಕಡ್ಡಿ ಕೂದಲಿನ ಬುಡವನ್ನು ಒತ್ತುತ್ತದೆ, ತುದಿ ಹೊರಕ್ಕೆ ತಿರುಗುತ್ತದೆ. ಎಷ್ಟು ಬಾಚಿದರೂ ಅದು ಕೂರುವುದಿಲ್ಲ. ಕೂದಲು ಬೆಳೆಸುವವರು ಈ ಹಂತ ದಾಟುವವರೆಗೆ ಹಲ್ಲಿನ ಕತ್ತರಿಯಿಂದ ಅಲ್ಲಿನ ದಟ್ಟಣೆಯನ್ನಷ್ಟೇ ಕಡಿಮೆ ಮಾಡಿಸಿಕೊಳ್ಳಬಹುದು.

ಹಾಗೆಂದು ಹುಬ್ಬಿನ ಕೊನೆಗೂ ಕಿವಿಗೂ ನಡುವಿನ ಕಣತಲೆಯನ್ನು ಪೂರ್ತಿ ಬೋಳಿಸಿದರೂ ಚೆನ್ನಾಗಿ ಕಾಣದು. ಬರಿಯ ಚರ್ಮದ ಮೇಲೆ ಕಪ್ಪು ಕಡ್ಡಿ ಇನ್ನಷ್ಟು ದಪ್ಪಗೆ ಎದ್ದು ಕಾಣುತ್ತದೆ. ಗಂಡಸರು ಸೈಡ್‌ಬರ್ನ್ ಅನ್ನು ಕಿವಿಯ ಅರ್ಧದವರೆಗೆ ಬಿಡಿಸಿಕೊಂಡರೆ ಕಡ್ಡಿಯ ಮೇಲೂ ಕೆಳಗೂ ಕೂದಲಿರುತ್ತದೆ, ಗೆರೆ ಅದರಲ್ಲಿ ಬೆರೆಯುತ್ತದೆ.

ಮುಂಗೂದಲಿಗೂ ಇದೇ ಲೆಕ್ಕ. ಹಣೆಯ ಮೇಲೆ ನೇರವಾಗಿ ಬೀಳುವಂತೆ ಕತ್ತರಿಸಿದರೆ ಅದರ ತುದಿಗೂ ಫ್ರೇಮಿನ ಮೇಲಂಚಿಗೂ ನಡುವೆ ಒಂದು ಬೆರಳಿನಷ್ಟು ಹಣೆ ಕಾಣಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಈ ಜಾಗ ಐದಾರು ವಾರಗಳಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ತುದಿ ಗಾಜಿಗೆ ತಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ದಿನವಿಡೀ ಕನ್ನಡಕ ಒರೆಸುವುದೇ ಕೆಲಸ. ಪದೇ ಪದೇ ಕತ್ತರಿಸಿಕೊಳ್ಳಲು ಆಗದವರಿಗೆ ಬೈತಲೆಯಿಂದ ಒಂದು ಬದಿಗೆ ಓರೆಯಾಗಿ ಇಳಿಯುವ ಮುಂಗೂದಲು ಮೇಲು. ಅದು ಬೆಳೆದರೂ ಕೆನ್ನೆಯ ಕಡೆಗೆ ಸರಿಯುತ್ತದೆಯೇ ಹೊರತು ಕಣ್ಣಿಗೆ ಬೀಳುವುದಿಲ್ಲ. ಗುಂಗುರು ಕೂದಲಿನವರು ಒಂದು ಮಾತು ನೆನಪಿಡಬೇಕು: ಒದ್ದೆಯಾಗಿದ್ದಾಗ ಜಗ್ಗಿಕೊಂಡಿದ್ದ ಕೂದಲು ಒಣಗಿದ ಮೇಲೆ ಮೇಲಕ್ಕೆ ಸುರುಳಿಗಟ್ಟುತ್ತದೆ. ಆದ್ದರಿಂದ ಮುಂಗೂದಲಿನ ಕೊನೆಯ ಅಳತೆ ಒಣಗಿದ ಮೇಲೆಯೇ ಆಗಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂರು ಬೆರಳಿನಷ್ಟು ಹಣೆ, ಸ್ವಲ್ಪ ಹೊರಚಾಚಿದ ಕಿವಿ, ದಟ್ಟವಾದ ನೆಟ್ಟ ಕೂದಲು, ಚೌಕಾಕಾರದ ಕಪ್ಪು ಫ್ರೇಮು ಇರುವ ಯುವಕ. ಹಣೆ ಚಿಕ್ಕದಾದ್ದರಿಂದ ನೇರ ಮುಂಗೂದಲು ಬೇಡ. ಮೇಲೆ ಕೂದಲು, ಕೆಳಗೆ ಫ್ರೇಮು ಸೇರಿ ಮುಖದ ಅರ್ಧ ಮುಚ್ಚಿಹೋಗುತ್ತದೆ. ಮುಂದಿನ ಕೂದಲನ್ನು ಏಳೆಂಟು ಸೆಂಟಿಮೀಟರ್ ಬಿಟ್ಟು ಒಂದು ಬದಿಗೆ ಎತ್ತಿ ಬಾಚಿದರೆ ಹಣೆ ತೆರೆದುಕೊಳ್ಳುತ್ತದೆ. ಕಿವಿಯ ಪಕ್ಕ ಬೋಳು ಹೊಡೆಸಿದರೆ ಕಿವಿ ಇನ್ನೂ ಚಾಚಿದಂತೆ ಕಾಣುವುದರಿಂದ ಅಲ್ಲಿ 10 ಮಿಲಿಮೀಟರ್ ಉಳಿಯಲಿ, ಮೇಲೆ ಹೋದಂತೆ ನಿಧಾನವಾಗಿ ಹೆಚ್ಚಲಿ. ಮೆಷಿನ್ ನಂಬರಿನ ಅಳತೆ ಎಲ್ಲ ಕಂಪನಿಗಳಲ್ಲೂ ಒಂದೇ ಇರುವುದಿಲ್ಲ, ಮಿಲಿಮೀಟರ್ ಲೆಕ್ಕದಲ್ಲೇ ಹೇಳುವುದು ಒಳ್ಳೆಯದು.

ಕುರ್ಚಿಯಲ್ಲಿ ಕೂತಾಗ ಕನ್ನಡಕವನ್ನು ಕೂಡಲೇ ತೆಗೆಯಬೇಡಿ. ಕೂದಲು ಒಣಗಿರುವಾಗಲೇ ಕಡ್ಡಿ ಎಲ್ಲಿ ಹಾದುಹೋಗುತ್ತದೆ, ಫ್ರೇಮಿನ ಮೇಲಂಚು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿ, ಆಮೇಲೆ ತೆಗೆದಿಡಿ. ಮುಕ್ಕಾಲು ಕೆಲಸವಾದಾಗ ಒಮ್ಮೆ ಹಾಕಿಕೊಂಡು ನೋಡಿ. ತಲೆ ಬಗ್ಗಿಸಿ ಎತ್ತಿ, ಕನ್ನಡಕವನ್ನು ಎರಡು ಸಲ ತೆಗೆದು ಹಾಕಿ. ಕಡ್ಡಿಯ ಕೀಲಿಗೆ ಕೂದಲು ಸಿಕ್ಕಿದರೆ, ಕಿವಿಯ ಮೇಲೆ ತುದಿ ಎದ್ದರೆ, ಇನ್ನು ಎಲ್ಲಿ ಕತ್ತರಿ ಆಡಿಸಬೇಕೆಂದು ಇಬ್ಬರಿಗೂ ಅಲ್ಲೇ ಗೊತ್ತಾಗುತ್ತದೆ.