ಚಾರ್ಜರ್ ಗುಂಯ್‌ಗುಟ್ಟಿದರೆ

ಹಾಸ್ಟೆಲಿನಿಂದ ರಜೆಗೆ ಬಂದಿದ್ದ ತಮ್ಮನ ಮಗಳು ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿದಳು. "ದೊಡ್ಡಪ್ಪ, ಇದು ಸಿಡಿಯುತ್ತಾ?" ಅವಳ ಕೈಯಲ್ಲಿದ್ದದ್ದು 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್. ಕಿವಿಗೆ ಹಿಡಿದರೆ ಜೀರುಂಡೆಯ ಹಾಗೆ ಸಣ್ಣಗೆ ಒಂದೇ ಸಮನೆ ಕೂಗುತ್ತಿತ್ತು. ಮೈ ಬೆಚ್ಚಗಿತ್ತು.

ಬ್ಯಾಟರಿ ಎಷ್ಟಿದೆ ಎಂದು ಕೇಳಿದೆ. ಪೂರ್ತಿ ತುಂಬಿತ್ತು. ಮರುದಿನ ಬ್ಯಾಟರಿ ಇಪ್ಪತ್ತು ಶೇಕಡಕ್ಕೆ ಇಳಿದ ಮೇಲೆ ಅದೇ ಚಾರ್ಜರ್ ಚುಚ್ಚಿಸಿದೆ. ಸದ್ದು ನಿಂತುಹೋಯಿತು! ಆದರೆ ಅರ್ಧ ಗಂಟೆಯಲ್ಲಿ ಡಬ್ಬಿ ನಿನ್ನೆಗಿಂತ ಬಿಸಿಯಾಯಿತು. ಕೆಲಸ ಹೆಚ್ಚಾದಾಗ ಮೌನ, ಬಿಡುವಾದಾಗ ಕೂಗು. ಅವಳಿಗೆ ಇದು ತಲೆಕೆಳಗಾಗಿ ಕಂಡಿತು.

ಕಾರಣ ಡಬ್ಬಿಯ ಒಳಗಿದೆ. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಚಾರ್ಜರ್ ಮೊದಲು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಮಾಡಿಕೊಳ್ಳುತ್ತದೆ. ಆಮೇಲೆ ಒಂದು ಎಲೆಕ್ಟ್ರಾನಿಕ್ ಸ್ವಿಚ್ ಅದನ್ನು ಬಹಳ ವೇಗವಾಗಿ ಹಾಕಿ ತೆಗೆದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಅನೇಕ ಚಾರ್ಜರುಗಳಲ್ಲಿ ಈ ಹಾಕಿ ತೆಗೆಯುವಿಕೆ ಸೆಕೆಂಡಿಗೆ ಸುಮಾರು 65,000 ಸಲ. ಪ್ರತಿ ಸಲವೂ ಟ್ರಾನ್ಸ್‌ಫಾರ್ಮರಿನ ಫೆರೈಟ್ ತಿರುಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತದೆ, ಸುತ್ತಿದ ತಂತಿಗಳೂ ಅದುರುತ್ತವೆ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳವರೆಗೆ. ಹಾಗಾಗಿ ಪೂರ್ತಿ ದುಡಿಯುವ ಚಾರ್ಜರಿನ ಅದುರು ನಮಗೆ ಕೇಳದು.

ಬ್ಯಾಟರಿ ತುಂಬಿದ ಮೇಲೆ ಅಷ್ಟೊಂದು ಸಲ ಸ್ವಿಚ್ ಹಾಕಿದರೆ ಕರೆಂಟು ದಂಡ. ಅದಕ್ಕೇ ಚಾರ್ಜರ್ ಸ್ವಲ್ಪ ಹೊತ್ತು ದುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ದುಡಿಯುತ್ತದೆ. ಈ ದುಡಿತ-ಬಿಡುವಿನ ಸರದಿ ಸೆಕೆಂಡಿಗೆ ಕೆಲವು ನೂರು ಅಥವಾ ಕೆಲವು ಸಾವಿರ ಸಲಕ್ಕೆ ಇಳಿಯುತ್ತದೆ, ನಮ್ಮ ಕಿವಿಗೆ ಸಿಕ್ಕಿಬೀಳುತ್ತದೆ. ತಂತಿ, ತಿರುಳುಗಳನ್ನು ಹಿಡಿದಿಡುವ ಅಂಟು ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಕಮ್ಮಿ. ಅದರಿಂದಲೇ ಒಂದೇ ಮಾದರಿಯ ಎರಡರಲ್ಲಿ ಒಂದು ಕೂಗುತ್ತದೆ, ಒಂದು ಸುಮ್ಮನಿರುತ್ತದೆ. ಈ ಕೂಗಿನಿಂದ ಅಪಾಯವಿಲ್ಲ. ಕರೆಂಟು ಹೋಗಿ ಮನೆಯ ಹಳೆಯ ಯುಪಿಎಸ್ ಶುರುವಾದಾಗ ದಪ್ಪಗೆ ಗುಂಯ್ ಎಂದು, ಕರೆಂಟು ಬಂದೊಡನೆ ನಿಂತರೆ ಅದಕ್ಕೂ ಸಾಮಾನ್ಯವಾಗಿ ಯುಪಿಎಸ್ ಕೊಡುವ ಒರಟು ಅಲೆಯೇ ಕಾರಣ.

ಇನ್ನು ಬಿಸಿಯ ಲೆಕ್ಕ. 65 ವ್ಯಾಟ್ ಕೊಡಲು ಚಾರ್ಜರ್ ಗೋಡೆಯಿಂದ ಸುಮಾರು 73 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಉಳಿದ ಎಂಟು ವ್ಯಾಟ್ ಗಾಳಿಯಾಡದ ಅಂಗೈಯಗಲದ ಡಬ್ಬಿಯಲ್ಲೇ ಶಾಖವಾಗುತ್ತದೆ. ಬಿಸಿಯಾದರೂ ಕೈಯಲ್ಲಿ ಹಿಡಿದಿರಬಹುದಾದರೆ, ಶಾಖ ಡಬ್ಬಿಯಿಡೀ ಹರಡಿದ್ದರೆ, ಅದು ಸಹಜ. ಅದೇ ಡಬ್ಬಿ ದಿಂಬಿನಡಿ ಸೇರಿದರೆ ಶಾಖಕ್ಕೆ ದಾರಿಯಿಲ್ಲ. ಒಳಗಿನ ಕೆಪಾಸಿಟರುಗಳ ಆಯಸ್ಸು ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹೆದರಬೇಕಾದ ಸದ್ದು ಬೇರೆ. ಒಗ್ಗರಣೆಯಂತೆ ಚಟಪಟ ಎಂದರೆ, ತಾಳವಿಲ್ಲದೆ ಚಿರ್ ಚಿರ್ ಎಂದರೆ ಎಲ್ಲೋ ಕಿಡಿ ಹಾರುತ್ತಿರಬಹುದು. ಸುಟ್ಟ ವಾಸನೆಯೋ ಮೀನಿನಂಥ ವಾಸನೆಯೋ ಬಂದರೆ, ಡಬ್ಬಿ ಉಬ್ಬಿದರೆ, ಬಣ್ಣ ಕೆಟ್ಟರೆ, ಮುಟ್ಟಿದ ಕೈ ತಟ್ಟನೆ ಹಿಂದೆ ಬಂದರೆ ಕೂಡಲೇ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಬಳಸಬೇಡಿ. ದೀಪ ಮಿಟುಕುತ್ತ ಟಿಕ್ ಟಿಕ್ ಎಂದರೆ ಚಾರ್ಜರ್ ಶಾರ್ಟ್ ಕಂಡು ನಿಂತು, ಮತ್ತೆ ಹೊರಡಲು ಯತ್ನಿಸುತ್ತಿರಬಹುದು. ಲ್ಯಾಪ್‌ಟಾಪಿನಿಂದ ಪಿನ್ ಕಿತ್ತು ನೋಡಿ. ಟಿಕ್ ನಿಂತರೆ ತೊಂದರೆ ಲ್ಯಾಪ್‌ಟಾಪಿನ ಕಡೆ, ನಿಲ್ಲದಿದ್ದರೆ ಚಾರ್ಜರ್ ಅಥವಾ ಅದರ ವೈರಿನಲ್ಲಿ. ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ 325 ವೋಲ್ಟ್ ಕೆಲಹೊತ್ತು ಉಳಿದಿರಬಹುದು. ಹೊಸತು ಕೊಳ್ಳುವಾಗ ಬಿಐಎಸ್ ಗುರುತಿನ ಜೊತೆಗಿರುವ R- ಸಂಖ್ಯೆಯನ್ನು BIS Care ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಶಾಖ ಒಂದೇ ಕಡೆ ಕೂಡಿದ್ದರೂ ಎಚ್ಚರ ಬೇಕು. ಇದನ್ನು ಹೇಳುತ್ತ ಸ್ವಿಚ್ ಆರಿಸಿ, ಅವಳು ಹಾಸ್ಟೆಲಿನಿಂದ ತಂದಿದ್ದ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಪ್ಲಗ್ ಕಿತ್ತೆ. ಡಬ್ಬಿಗಿಂತ ಪ್ಲಗ್ಗೇ ಬಿಸಿಯಾಗಿತ್ತು. ಸಾಕೆಟ್ಟಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದಿತ್ತು. ಒಳಗಿನ ಹಿಡಿ ಸಡಿಲಾಗಿ ಪಿನ್ನು ಅಲ್ಲಾಡುತ್ತಿತ್ತು, ಸದ್ದು ಮಾತ್ರ ಚೂರೂ ಇರಲಿಲ್ಲ. ಆ ಬಾಕ್ಸನ್ನು ಅಂದೇ ಬಿಸಾಡಿದೆವು. ಚಾರ್ಜರ್ ಈಗಲೂ ರಾತ್ರಿ ಕೂಗುತ್ತದೆ. ಅವಳು ಪ್ಲಗ್ಗನ್ನು ಮುಟ್ಟಿ ನೋಡಿ ಮಲಗುತ್ತಾಳೆ.