ಮಕ್ಕಳ ನೆಫ್ರಾಟಿಕ್ ರೋಗ ಮತ್ತು ಅದರ ಮರುಕಳಿಕೆ

ಎರಡರಿಂದ ಆರು ವರ್ಷದ ಪ್ರಾಯದ ಮಗುವೊಂದು ಬೆಳಿಗ್ಗೆ ಏಳುವಾಗ ಅದರ ಕಣ್ಣಿನ ರೆಪ್ಪೆಗಳು ಬಾತುಕೊಂಡಿರುತ್ತವೆ. ಹೊತ್ತು ಏರಿದಂತೆ ಆ ಬಾವು ಇಳಿದು, ಸಂಜೆಯ ವೇಳೆಗೆ ಪಾದಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಯವರು ಇದನ್ನು ಶೀತವೆಂದೋ ಕಣ್ಣಿನ ಬೇನೆಯೆಂದೋ ತಿಳಿದು ಕೆಲವು ದಿನಗಳನ್ನು ಕಳೆಯುವುದುಂಟು. ಅಷ್ಟರಲ್ಲಿ ಹೊಟ್ಟೆಯೂ ಉಬ್ಬಿ, ಮೂತ್ರವು ಕಡಮೆಯಾಗಿ, ನೊರೆಗೂಡಿ ಬೀಳತೊಡಗುತ್ತದೆ. ನೆಫ್ರಾಟಿಕ್ ಸಿಂಡ್ರೋಮ್ ಎಂದು ವೈದ್ಯರು ಕರೆಯುವ ವ್ಯಾಧಿಯು ಮಕ್ಕಳಲ್ಲಿ ಬಹುಮಟ್ಟಿಗೆ ಹೀಗೆಯೇ ಮೊದಲಾಗುತ್ತದೆ.

ರಕ್ತವನ್ನು ಸೋಸತಕ್ಕ ಸೂಕ್ಷ್ಮವಾದ ಜರಡಿಗಳು ಮೂತ್ರಪಿಂಡಗಳಲ್ಲಿ ಲಕ್ಷಾಂತರವಾಗಿವೆ. ಸ್ವಸ್ಥ ಸ್ಥಿತಿಯಲ್ಲಿ ಇವು ಆಲ್ಬುಮಿನ್ ಎಂಬ ಸಸಾರಜನಕವನ್ನು ಹೊರಕ್ಕೆ ಬಿಡುವುದಿಲ್ಲ. ಈ ರೋಗದಲ್ಲಿ ಜರಡಿಯ ತಡೆ ಸಡಿಲವಾಗಿ ಆಲ್ಬುಮಿನ್ ಮೂತ್ರದೊಡನೆ ಹರಿದುಹೋಗುತ್ತದೆ. ನೀರನ್ನು ರಕ್ತನಾಳಗಳೊಳಗೆ ಹಿಡಿದಿಡುವ ವಸ್ತುಗಳಲ್ಲಿ ಅದು ಮುಖ್ಯವಾದುದು. ಅದು ಕುಂದಿದಾಗ ನೀರು ಅಂಗಾಂಶಗಳಿಗೆ ಜಿನುಗುತ್ತದೆ; ಮೂತ್ರಪಿಂಡವು ಉಪ್ಪನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಾವು ಇನ್ನೂ ಹೆಚ್ಚುತ್ತದೆ. ಆದುದರಿಂದ ರೋಗದ ಆರಂಭವಿರುವುದು ಮೂತ್ರದಲ್ಲಿ. ಮುಖದ ಬಾವು ಅದರ ತರುವಾಯದ ಫಲ. ಮನೆಯಲ್ಲಿ ಈ ಮಗುವನ್ನು ನೋಡಿಕೊಳ್ಳುವವರು ತಿಳಿಯತಕ್ಕ ವಿಷಯಗಳಲ್ಲಿ ಇದೇ ಮೊದಲನೆಯದು.

ಇದರ ಮುಖ್ಯ ಔಷಧವು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡು. ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿಗೆ ಅದರಿಂದ ಗುಣ ಕಾಣುತ್ತದೆ. ಆದರೆ ಹೀಗೆ ಗುಣ ಕಂಡವರಲ್ಲಿಯೂ ಬಹುಪಾಲು ಮಕ್ಕಳಿಗೆ ರೋಗವು ಒಮ್ಮೆಯಾದರೂ ಮರುಕಳಿಸುತ್ತದೆ. ಅನೇಕರಿಗೆ ಯೌವನದ ಹೊಸ್ತಿಲಿಗೆ ಬರುವವರೆಗೂ ಆಗಾಗ ಬಂದು ಹೋಗುವುದುಂಟು. ಮರುಕಳಿಕೆಯನ್ನು ಬಾವು ತೋರುವುದಕ್ಕೆ ಮೊದಲೇ ಗುರುತಿಸುವ ಸಾಧನವು ಮನೆಯಲ್ಲಿ ಮಾಡುವ ಮೂತ್ರಪರೀಕ್ಷೆ.

ಈ ಪರೀಕ್ಷೆಯ ಮೂಲವು ಹಳೆಯದು. 1827ರಲ್ಲಿ ಬಾವು, ಆಲ್ಬುಮಿನ್‌ಯುಕ್ತ ಮೂತ್ರ ಮತ್ತು ಮೂತ್ರಪಿಂಡದ ವಿಕಾರ ಇವುಗಳ ಸಂಬಂಧವನ್ನು ಪ್ರಕಟಿಸಿದ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟನು, ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಉರಿಯಲ್ಲಿ ಕಾಯಿಸಿ ನೋಡುತ್ತಿದ್ದನು. ಕೋಳಿಮೊಟ್ಟೆಯ ಬಿಳಿಭಾಗವು ಬಿಸಿಗೆ ಗಟ್ಟಿಯಾಗುವಂತೆ ಆಲ್ಬುಮಿನ್ ಇರುವ ಮೂತ್ರವು ಕಾಯಿಸಿದೊಡನೆ ಕದಡುತ್ತದೆ. ಈಗಲೂ ಗಾಜಿನ ನಳಿಗೆಯಲ್ಲಿ ಇದನ್ನು ಮಾಡಬಹುದು. ನಳಿಗೆಯ ಬಾಯನ್ನು ಮುಖದಿಂದ ಆಚೆಗೆ ತಿರುಗಿಸಿ ಮೂತ್ರದ ಮೇಲ್ಭಾಗವನ್ನು ಮಾತ್ರ ಕಾಯಿಸಬೇಕು. ಕದಡಿದರೆ ಕೆಲವು ಹನಿ ವಿನೆಗರನ್ನು ಹಾಕಬೇಕು. ಆಗ ತಿಳಿಯಾದರೆ ಅದು ಕೇವಲ ಲವಣ, ಉಳಿದರೆ ಆಲ್ಬುಮಿನ್. ನಳಿಗೆಯ ಹಿಂದೆ ಅಚ್ಚಿನ ಹಾಳೆಯನ್ನು ಹಿಡಿದಾಗ ಅಕ್ಷರಗಳನ್ನು ಓದಲಾದರೆ 1+. ಓದಲಾಗದೆ ಕಪ್ಪು ಗೆರೆಗಳು ಮಾತ್ರ ತೋರಿದರೆ 2+. ಅವೂ ಕಾಣದಿದ್ದರೆ 3+. ಬಿಳಿಯ ಹೆಪ್ಪುಗಳು ಕಟ್ಟಿದರೆ 4+. ಔಷಧದ ಅಂಗಡಿಯಲ್ಲಿ ದೊರೆಯುವ ಪರೀಕ್ಷಾಪಟ್ಟಿಯು ಹಳದಿಯಿಂದ ಹಸಿರಿಗೆ ತಿರುಗಿ ಇದೇ ಅಳತೆಯನ್ನು ಇನ್ನೂ ಸುಲಭವಾಗಿ ತಿಳಿಸುತ್ತದೆ. ಬೆಳಿಗ್ಗೆ ಎದ್ದೊಡನೆ ಬಿಡುವ ಮೊದಲ ಮೂತ್ರವನ್ನೇ ಪರೀಕ್ಷಿಸಬೇಕು. ಹಗಲು ನಿಂತು ಓಡಾಡಿದ ಬಳಿಕ ಆರೋಗ್ಯವಂತ ಮಕ್ಕಳಲ್ಲಿಯೂ ಅಲ್ಪ ಆಲ್ಬುಮಿನ್ ತೋರಬಹುದು.

ಒಂದು ಉದಾಹರಣೆಯಿಂದ ಇದರ ಉಪಯೋಗವು ಸ್ಪಷ್ಟವಾಗುತ್ತದೆ. ನಾಲ್ಕು ವರ್ಷದ ಬಾಲಕನೊಬ್ಬನ ತೂಕ 15 ಕಿಲೋಗ್ರಾಂ. ಬಾವು ಬಂದಾಗ ಅದು 17 ಆಯಿತೆಂದು ಭಾವಿಸಬಹುದು. ಹೆಚ್ಚಿದ ಎರಡು ಕಿಲೋಗ್ರಾಂ ನೀರಾದುದರಿಂದ ಔಷಧದ ಲೆಕ್ಕವು 15ಕ್ಕೇ ಸಲ್ಲತಕ್ಕದ್ದು. ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ ಸಂಘವು 2021ರಲ್ಲಿ ಪ್ರಕಟಿಸಿದ ಕ್ರಮದಂತೆ, ಮೊದಲ ಸಲ ಕಿಲೋಗ್ರಾಮಿಗೆ 2 ಮಿಲಿಗ್ರಾಂ, ಎಂದರೆ ದಿನಕ್ಕೆ 30 ಮಿಲಿಗ್ರಾಂ, ಆರು ವಾರ ಕೊಡಬೇಕು. ಬಳಿಕ ಕಿಲೋಗ್ರಾಮಿಗೆ 1.5ರಂತೆ ದಿನ ಬಿಟ್ಟು ದಿನ ಮತ್ತೆ ಆರು ವಾರ. ಹತ್ತನೆಯ ದಿನವೇ ಮೂತ್ರ ತಿಳಿಯಾಯಿತೆಂದು ತಾಯಿಯು ಗುಳಿಗೆಯನ್ನು ನಿಲ್ಲಿಸಬಾರದು. ರೋಗ ಬೇಗನೆ ಮರುಕಳಿಸುವ ಭಯವು ಒಂದು; ಹಲವು ವಾರ ಸ್ಟೀರಾಯ್ಡನ್ನು ಪಡೆದ ಶರೀರವು ತನ್ನ ಸ್ವಂತ ಸ್ಟೀರಾಯ್ಡನ್ನು ತಯಾರಿಸುವುದನ್ನು ಮರೆತಿರುವುದರಿಂದ ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವಾಗಬಹುದೆಂಬುದು ಇನ್ನೊಂದು.

ಚಿಕಿತ್ಸೆ ಮುಗಿದ ನಾಲ್ಕು ತಿಂಗಳಿಗೆ ಬಾಲಕನಿಗೆ ನೆಗಡಿ ಬರುತ್ತದೆ. ಮೂತ್ರವು ಮೊದಲ ದಿನ 2+, ಎರಡನೆಯ ದಿನ 3+, ಮೂರನೆಯ ದಿನ 1+, ನಾಲ್ಕನೆಯ ದಿನ ಏನೂ ಇಲ್ಲ. ಇದು ಮರುಕಳಿಕೆಯಲ್ಲ. ನೆಗಡಿ ಜ್ವರಗಳಲ್ಲಿ ಹೀಗೆ ತೋರಿ ತಾನಾಗಿ ಅಡಗುವುದುಂಟು. ಇನ್ನೆರಡು ತಿಂಗಳಿಗೆ ಮತ್ತೆ ನೆಗಡಿ. ಈ ಸಲ ಸತತವಾಗಿ ಮೂರು ದಿನ 3+. ಮುಖದಲ್ಲಿ ಬಾವಿಲ್ಲ, ತೂಕವೂ ಏರಿಲ್ಲ. ಆದರೂ ಇದು ಮರುಕಳಿಕೆಯೇ. ವೈದ್ಯರು ಆಗಿನ ತೂಕಕ್ಕೆ ತಕ್ಕಂತೆ ದಿನದ ಔಷಧವನ್ನು ಮತ್ತೆ ಮೊದಲುಮಾಡುತ್ತಾರೆ. ಮೂತ್ರವು ಸತತ ಮೂರು ದಿನ ತಿಳಿಯಾದ ಬಳಿಕ ದಿನ ಬಿಟ್ಟು ದಿನ ನಾಲ್ಕು ವಾರ ಕೊಟ್ಟು ಮುಗಿಸುತ್ತಾರೆ. ಮೂರು ದಿನ ಕಾಯುವ ನಿಯಮದಿಂದ ಮಗುವಿಗೆ ಬೇಡದ ಸ್ಟೀರಾಯ್ಡು ತಪ್ಪುತ್ತದೆ. ನಿತ್ಯದ ಪರೀಕ್ಷೆಯಿಂದ ಬೇಕಾದುದು ತಡವಾಗುವುದು ತಪ್ಪುತ್ತದೆ. ಆದರೆ ಬಾವು ಕಂಡಿದ್ದರೆ ಮೂರು ದಿನ ಕಾಯತಕ್ಕದ್ದಲ್ಲ.

ಮುಖವನ್ನು ನೋಡಿ ನಿರ್ಣಯಿಸುವವರು ಇನ್ನೊಂದು ರೀತಿಯಲ್ಲಿಯೂ ಮೋಸಹೋಗುತ್ತಾರೆ. ಸ್ಟೀರಾಯ್ಡಿನಿಂದ ಹಸಿವು ಹೆಚ್ಚಿ ಕೆನ್ನೆಗಳು ದುಂಡಗಾಗುತ್ತವೆ. ಇದನ್ನು ರೋಗದ ಬಾವೆಂದು ತಿಳಿದು ಗಾಬರಿಪಡುವುದುಂಟು. ಬಾವು ಬೆಳಿಗ್ಗೆ ರೆಪ್ಪೆಗಳಲ್ಲಿ ಹೆಚ್ಚಾಗಿದ್ದು, ತೂಕವನ್ನು ಕೆಲವೇ ದಿನಗಳಲ್ಲಿ ಏರಿಸುತ್ತದೆ. ಔಷಧದ ದುಂಡುತನವು ವಾರಗಳಲ್ಲಿ ಬೆಳೆದು ದಿನವಿಡೀ ಒಂದೇ ತೆರನಾಗಿರುತ್ತದೆ. ಸಂದೇಹವನ್ನು ಕಳೆಯುವುದು ಮೂತ್ರವೇ. ಆದುದರಿಂದ ದಿನಾಂಕ, ಮೂತ್ರದ ಫಲ, ಗುಳಿಗೆ, ತೂಕ, ಜ್ವರ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ರೋಗ ಅಡಗಿರುವಾಗ ವಾರಕ್ಕೆ ಎರಡು ಮೂರು ಸಲ, ಮಗು ಕಾಯಿಲೆಯಾದಾಗ ನಿತ್ಯವೂ ಪರೀಕ್ಷಿಸಬೇಕು. ಚಿಕಿತ್ಸೆ ನಿಂತ ಆರು ತಿಂಗಳೊಳಗೆ ಎರಡು ಮರುಕಳಿಕೆಗಳು ಕಂಡರೆ ವೈದ್ಯರು ಬೇರೆ ಔಷಧಗಳನ್ನು ಯೋಚಿಸುತ್ತಾರೆ. ಆ ನಿರ್ಣಯಕ್ಕೆ ಈ ಪುಸ್ತಕವೇ ಆಧಾರ. ಆರು ವಾರದ ನಿತ್ಯ ಸೇವನೆಯಿಂದಲೂ ಮೂತ್ರ ತಿಳಿಯಾಗದಿದ್ದರೆ ರೋಗದ ಜಾತಿಯೇ ಬೇರೆಯಾಗಿರಬಹುದು; ಆಗ ಮೂತ್ರಪಿಂಡದ ತುಣುಕನ್ನು ತೆಗೆದು ಪರೀಕ್ಷಿಸುವರು.

ಪುಸ್ತಕದಲ್ಲಿ ಬರೆದು ಕಾಯಬಾರದ ಲಕ್ಷಣಗಳೂ ಉಂಟು. ಆಲ್ಬುಮಿನ್ನಿನೊಡನೆ ರೋಗನಿರೋಧಕ ವಸ್ತುಗಳೂ ಮೂತ್ರದಲ್ಲಿ ನಷ್ಟವಾಗುವುದರಿಂದ, ಬಾತ ಹೊಟ್ಟೆಯೊಳಗೆ ಸೋಂಕು ತಗಲಬಹುದು. ಜ್ವರದೊಡನೆ ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ರಕ್ತವು ಹೆಪ್ಪುಗಟ್ಟುವ ಸ್ವಭಾವವೂ ಹೆಚ್ಚುವುದರಿಂದ ಒಂದೇ ಕಾಲಿನ ಬಾವು ಮತ್ತು ನೋವು, ಉಸಿರಾಟದ ಕಷ್ಟ, ವಾಂತಿಯೊಡನೆ ತೀವ್ರ ತಲೆನೋವು ಇವು ಅಪಾಯಸೂಚಕ. ಕೈಕಾಲು ತಣ್ಣಗಾಗಿ ಮೂತ್ರ ಬಹಳ ಕಡಮೆಯಾಗುವುದು, ವಾಂತಿಯಿಂದ ಗುಳಿಗೆ ನಿಲ್ಲದಿರುವುದು ಇವೂ ಅಂಥವೇ. ಸ್ಟೀರಾಯ್ಡು ತೆಗೆದುಕೊಳ್ಳುವ ಮಗು ಸೀತಾಳೆಸಿಡುಬಿನವರ ಬಳಿ ಇದ್ದಿತೆಂದು ತಿಳಿದರೆ, ಸಿಡುಬು ಏಳುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಯಾವ ಲಸಿಕೆಯನ್ನಾದರೂ ಅವರನ್ನು ಕೇಳಿಯೇ ಹಾಕಿಸತಕ್ಕದ್ದು.

ಸ್ಟೀರಾಯ್ಡಿಗೆ ಒಗ್ಗುವ ಮಕ್ಕಳಲ್ಲಿ ಬಹುಪಾಲು ಜನರ ಮೂತ್ರಪಿಂಡಗಳು ಕೆಡದೆ ಉಳಿಯುತ್ತವೆ; ಮರುಕಳಿಕೆಗಳು ಕ್ರಮೇಣ ವಿರಳವಾಗಿ ನಿಲ್ಲುತ್ತವೆ. ಅಲ್ಲಿಯವರೆಗೆ ಮಗುವಿಗೆ ಕೇಡಾಗುವುದು ಹೆಚ್ಚಾಗಿ ಸೋಂಕಿನಿಂದ, ರಕ್ತದ ಹೆಪ್ಪಿನಿಂದ ಮತ್ತು ಅತಿಯಾದ ಸ್ಟೀರಾಯ್ಡಿನಿಂದ. ಬೆಳಗಿನ ಮೂತ್ರವನ್ನು ನೋಡಿ ಬರೆದಿಡುವ ಮನೆಯಲ್ಲಿ ಈ ಮೂರೂ ಮುಂಚಿತವಾಗಿ ಗಮನಕ್ಕೆ ಬರುವ ಸಂಭವ ಹೆಚ್ಚು.