ಮಸಿ ಕಲೆಯಡಿಯ ಹಾಜರಿ

ಸ್ಕ್ಯಾನ್ ಮಾಡಿದ ಹಾಜರಿ ಪುಸ್ತಕವನ್ನು ಎಕ್ಸೆಲ್‌ಗೆ ಇಳಿಸುವಾಗ, ಓದಲಾಗದ ಮನೆಯನ್ನು ಖಾಲಿ ಬಿಡಬಾರದು. ಖಾಲಿ ಎಂದರೆ ಯಾರೂ ಗುರುತೇ ಹಾಕಿಲ್ಲ ಎಂದರ್ಥ. ಅಲ್ಲಿ ‘?’ ಬರೆಯಬೇಕು. ಊಹೆಯ ಮೇಲೆ ‘ಹಾ’ ಎಂದು ತುಂಬಿದರೆ ಸಂಬಳದ ಲೆಕ್ಕಕ್ಕೇ ಕುತ್ತು.

ಹೊಲಿಗೆ ಘಟಕವೊಂದರಲ್ಲಿ ತಿಂಗಳಿಗೆ 26 ಕೆಲಸದ ದಿನ ಎನ್ನಿ. ಒಬ್ಬ ಕೆಲಸಗಾರ್ತಿಯ ಸಾಲಿನಲ್ಲಿ 22 ‘ಹಾ’, 2 ‘ಗೈ’. 9 ಮತ್ತು 17ನೇ ತಾರೀಖಿನ ಮೇಲೆ ಮಸಿ. ಸಾಲಿನ ಕೊನೆಗೆ ಸೂಪರ್‌ವೈಸರ್ ಬರೆದ ಮೊತ್ತ 23. ಅಂದರೆ ಎರಡರಲ್ಲಿ ಒಂದೇ ದಿನ ಬಂದಿದ್ದಾಳೆ. ಯಾವತ್ತು?

ಉತ್ತರ ಪುಟದ ಅಡಿಯಲ್ಲಿದೆ. 9ರ ಒಟ್ಟು ಹಾಜರಿ 31, ಆ ಕಾಲಮ್ಮಿನಲ್ಲಿ ಕಾಣುವ ‘ಹಾ’ 30. ಉಳಿದ ಮನೆಗಳೆಲ್ಲ ಸ್ಪಷ್ಟವಾಗಿರುವುದರಿಂದ ಆ ಒಂದು ಅವಳದೇ. 17ರಂದು ಎರಡೂ 29, ಹಾಗಾಗಿ ಗೈರು.

ಅಡಿಯ ಮೊತ್ತವನ್ನೇ ತಿದ್ದಿದ್ದರೆ ಈ ಲೆಕ್ಕ ನಡೆಯದು. ಆಗ ಮೂಲ ಪುಸ್ತಕ ನೋಡಿ, ಸೂಪರ್‌ವೈಸರ್‌ನನ್ನು ಕೇಳಿ, ಷರಾ ಕಾಲಮ್ಮಿನಲ್ಲಿ ಕಾರಣ ಬರೆದಿಡುವುದೇ ದಾರಿ.